ಒಂದನೇ ತಾರೀಕಿನೊಳಗೆ ಹೇಳಲಿಲ್ಲ ಅಂತ ಪಿಜಿಯವರು ಅಡ್ವಾನ್ಸ್ ಹಿಡಿದುಕೊಂಡರೆ?

ಪ್ರಶ್ನೆ: ನಾನು ಸಾಗರದವಳು, ಬೆಂಗಳೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದ್ತಿದೀನಿ. ಆಗಸ್ಟ್ 16ಕ್ಕೆ ಒಂದು ಲೇಡೀಸ್ ಪಿಜಿ ಸೇರಿದೆ. ತ್ರೀ ಶೇರಿಂಗ್, ಊಟ ಸೇರಿ ತಿಂಗಳಿಗೆ 9,000. ಊಟ ಬೇಡ ಅಂದವರಿಗೆ 6,600. ಅಡ್ವಾನ್ಸ್ 15,000. ರಸೀದಿಯಲ್ಲಿ ‘ಒಂದು ತಿಂಗಳ ನೋಟಿಸ್, ಮೇಂಟೆನೆನ್ಸ್ 2,000 ಕಟ್’ ಅಂತಷ್ಟೇ ಇದೆ. ಜನವರಿ 9ಕ್ಕೆ ಮ್ಯಾನೇಜರ್‌ಗೆ ಖಾಲಿ ಮಾಡ್ತೀನಿ ಅಂತ ವಾಟ್ಸಾಪ್ ಮಾಡಿದೆ, ‘ಓಕೆ’ ಅಂದ್ರು. 31ಕ್ಕೆ ಹೊರಟೆ. ಈಗ ‘1ನೇ ತಾರೀಕಿನೊಳಗೆ ಹೇಳಬೇಕಿತ್ತು, ಬೋರ್ಡ್ ಹಾಕಿದೀವಲ್ಲ’ ಅಂತಾರೆ. ಆ ಬೋರ್ಡ್ ಬಂದಿದ್ದು ನವೆಂಬರಿನಲ್ಲಿ. ಫೆಬ್ರವರಿ ಬಾಡಿಗೆ 9,000, ಮೇಂಟೆನೆನ್ಸ್ 2,000, ಪೇಂಟಿಂಗ್ 1,500, ಅಮ್ಮ ಎರಡು ರಾತ್ರಿ ಉಳಿದಿದ್ದಕ್ಕೆ 1,200 ಮುರಿದು 1,300 ಕೊಡ್ತಾರಂತೆ. ಫೆಬ್ರವರಿ 3ಕ್ಕೇ ನನ್ನ ಕಾಟಿಗೆ ಬೇರೆ ಹುಡುಗಿ ಬಂದಾಯ್ತು. ಸಂಕ್ರಾಂತಿಗೆ ಭಟ್ರು ಊರಿಗೆ ಹೋದ್ರು ಅಂತ ಐದು ದಿನ ಅಡುಗೆಯೇ ಇರಲಿಲ್ಲ. ಡಿಸೆಂಬರಿನಲ್ಲಿ ನಾನು 12 ದಿನ ಊರಿನಲ್ಲಿದ್ದೆ, ಆ ಊಟದ ದುಡ್ಡೂ ಕೇಳಬಹುದಾ? ಪೊಲೀಸ್ ಕಂಪ್ಲೇಂಟ್ ಕೊಟ್ರೆ ಪೂರ್ತಿ ಬರುತ್ತೆ ಅಂತಾರೆ ಫ್ರೆಂಡ್ಸ್. ನಿಜಾನಾ?

ಉತ್ತರ: ಪೂರ್ತಿ 15,000 ಬರುವುದಿಲ್ಲ. ಹಾಗಂತ 1,300 ತೆಗೆದುಕೊಂಡು ಸುಮ್ಮನಾಗಬೇಕಿಲ್ಲ. ನೀವು ಕೊಟ್ಟ ವಿವರದ ಮೇಲೆ ನಾನು ಲೆಕ್ಕ ಹಾಕಿದೆ. ನಿಮಗೆ ಬರಬೇಕಾದ್ದು 10,400ರಿಂದ 12,200ರೊಳಗೆ. ಹೇಗೆ ಅಂತ ಒಂದೊಂದೇ ಬಿಡಿಸುತ್ತೇನೆ.

ಮೊದಲು ಪೊಲೀಸ್ ವಿಷಯ ಮುಗಿಸಿಬಿಡೋಣ. ಅಡ್ವಾನ್ಸ್ ಜಗಳ ಸಿವಿಲ್ ವ್ಯವಹಾರ. ಸ್ಟೇಷನ್ನಿಗೆ ಹೋದರೆ ಅರ್ಜಿ ತೆಗೆದುಕೊಂಡು ಮ್ಯಾನೇಜರ್‌ಗೆ ಒಂದು ಫೋನ್ ಮಾಡಬಹುದು. ಆ ಫೋನಿಗೇ ದುಡ್ಡು ಬಂದದ್ದನ್ನೂ ನೋಡಿದ್ದೇನೆ. ಆದರೆ ಇಷ್ಟು ಮುರಿಯಬಹುದು, ಇಷ್ಟು ಕೊಡಬೇಕು ಅಂತ ತೀರ್ಮಾನ ಮಾಡುವ ಅಧಿಕಾರ ಅವರಿಗಿಲ್ಲ. ನಿಮ್ಮ ಸಾಮಾನು ಒಳಗಿಟ್ಟು ಬೀಗ ಹಾಕಿದರೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡರೆ, ಬೆದರಿಸಿದರೆ ಮಾತು ಬೇರೆ. ಆಗ ಮೊದಲು ಹೋಗಬೇಕಾದ್ದೇ ಸ್ಟೇಷನ್ನಿಗೆ.

‘ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ’ ಅಂತ ಇನ್ನೊಂದು ಮಾತು ಓಡಾಡುತ್ತಿರುತ್ತದೆ. ಅದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಿಂದ ಬಂದದ್ದು. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಲಾಗು. ನಿಮ್ಮ ಅಡ್ವಾನ್ಸ್ ಹೇಗೂ ಎರಡು ತಿಂಗಳಿಗಿಂತ ಕಡಿಮೆಯೇ ಇದೆ, ಆ ದಾರಿ ನಿಮಗೆ ಬೇಡ.

ಪಿಜಿಯಲ್ಲಿ ಇರುವುದು ಮನೆ ಬಾಡಿಗೆಗೆ ಇದ್ದ ಹಾಗಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟರೆ ಬಾಗಿಲ ಕೀಲಿ ನಿಮ್ಮದು, ಆ ನಾಲ್ಕು ಗೋಡೆಯೊಳಗೆ ಯಾರು ಬರಬೇಕು ಅನ್ನುವುದೂ ನಿಮ್ಮದು. ಪಿಜಿಯಲ್ಲಿ ನಿಮಗೆ ಸಿಗುವುದು ಒಂದು ಕಾಟು, ಒಂದು ಅಲ್ಮೇರಾ, ಮೂರು ಹೊತ್ತಿನ ಊಟ. ಕಟ್ಟಡ ಅವರ ಕೈಯಲ್ಲೇ ಇರುತ್ತದೆ. ಇಂಥದ್ದನ್ನು ಕಾನೂನು ‘ಲೈಸೆನ್ಸ್’ ಅನ್ನುತ್ತದೆ, ಅಂದರೆ ಇರಲು ಕೊಟ್ಟ ಅನುಮತಿ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಂನಲ್ಲಿ ಇದು ಬರುತ್ತದೆ. ಹಾಗಾಗಿ ಬಾಡಿಗೆದಾರರ ರಕ್ಷಣೆಗೆ ಅಂತ ಇರುವ ಕಾನೂನುಗಳನ್ನು ಹಿಡಿದುಕೊಂಡು ಹೋದರೆ ಪಿಜಿ ಕೇಸು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಆದರೆ ನಿಮ್ಮ ಕೈಯಲ್ಲಿ ಇನ್ನೊಂದು ಇದೆ. ಗ್ರಾಹಕ ರಕ್ಷಣಾ ಕಾಯ್ದೆ 2019 ‘ಸೇವೆ’ ಅಂದರೆ ಏನೇನು ಅಂತ ಪಟ್ಟಿ ಮಾಡುವಾಗ ಊಟ, ವಸತಿ, ಅಥವಾ ಎರಡೂ ಅಂತ ಬಿಡಿಸಿಯೇ ಹೇಳಿದೆ. ದುಡ್ಡು ಕೊಟ್ಟು ಪಿಜಿಯಲ್ಲಿ ಇದ್ದ ವಿದ್ಯಾರ್ಥಿ ಗ್ರಾಹಕ. ಅದನ್ನು ಬಳಸುವುದು ಹೇಗೆ ಅಂತ ಕೊನೆಗೆ ಬರುತ್ತೇನೆ.

ಈಗ ನೋಟಿಸ್. ನನ್ನ ಚಿಕ್ಕಮ್ಮ ವಿಜಯನಗರದಲ್ಲಿ ಹನ್ನೆರಡು ವರ್ಷ ಪಿಜಿ ನಡೆಸಿದರು. ವಕೀಲಿಕೆ ಶುರು ಮಾಡಿದ ಹೊಸದರಲ್ಲಿ ನಾನು ಅಲ್ಲೇ ಮಹಡಿ ಮೇಲೆ ಇದ್ದೆ. ಹಾಗಾಗಿ ಆ ಕಡೆಯ ಕಷ್ಟವೂ ಗೊತ್ತು. ಬಹಳಷ್ಟು ಪಿಜಿಗಳಂತೆ ಅವರದ್ದೂ ಸ್ವಂತ ಕಟ್ಟಡ ಅಲ್ಲ. ಇಡೀ ಬಿಲ್ಡಿಂಗನ್ನು ಬಾಡಿಗೆಗೆ ಹಿಡಿದಿದ್ದರು. 40 ಕಾಟು ತುಂಬಿರಲಿ, 28 ತುಂಬಿರಲಿ, ಬಿಲ್ಡಿಂಗ್ ಓನರ್‌ಗೆ ಕೊಡುವ ದುಡ್ಡು ಅಷ್ಟೇ. ಭಟ್ಟರ ಸಂಬಳ ಅಷ್ಟೇ, ಪಾತ್ರೆ ತೊಳೆಯುವವರ ಸಂಬಳ ಅಷ್ಟೇ. ಜೂನ್‌ನಿಂದ ಆಗಸ್ಟ್‌ವರೆಗೆ ಕಾಲೇಜು ಅಡ್ಮಿಷನ್ ಸಮಯ, ಒಬ್ಬರು ಹೋದರೆ ಸಂಜೆಯೊಳಗೆ ಇನ್ನೊಬ್ಬರು ಬ್ಯಾಗ್ ತಂದಿಡುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಖಾಲಿಯಾದ ಕಾಟಿಗೆ ವಿದ್ಯಾರ್ಥಿಗಳು ಸಿಗುವುದು ಕಷ್ಟ. ಕೆಲಸಕ್ಕೆ ಹೋಗುವವರು ಬಂದರೆ ಬಂದರು. ಒಂದು ತಿಂಗಳ ನೋಟಿಸ್ ಅನ್ನುವುದು ಹುಟ್ಟಿದ್ದು ಈ ಭಯದಿಂದ. ಅದರಲ್ಲಿ ಅನ್ಯಾಯವೇನೂ ಇಲ್ಲ. ನೀವೂ ಒಪ್ಪಿ ಸೇರಿದ್ದೀರಿ.

ಜಗಳ ಇರುವುದು ತಿಂಗಳನ್ನು ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲಿ. ‘ಒಂದು ತಿಂಗಳ ನೋಟಿಸ್’ ಅಂದರೆ ಹೇಳಿದ ದಿನದಿಂದ ಒಂದು ತಿಂಗಳು. ಜನವರಿ 9ಕ್ಕೆ ಹೇಳಿದರೆ ಫೆಬ್ರವರಿ 8ಕ್ಕೆ ಮುಗಿಯಿತು. ‘1ನೇ ತಾರೀಕಿನೊಳಗೆ ಹೇಳಬೇಕು, ತಪ್ಪಿದರೆ ಮುಂದಿನ 1ರಿಂದ ಎಣಿಕೆ’ ಅನ್ನುವುದು ಇದಕ್ಕಿಂತ ಬೇರೆಯದೇ ಷರತ್ತು. ಲೆಕ್ಕ ಹಾಕಿ ನೋಡಿ. ಅದರ ಪ್ರಕಾರ ತಿಂಗಳ 2ನೇ ತಾರೀಕಿಗೆ ಹೇಳಿದವಳು ಹೆಚ್ಚುಕಡಿಮೆ ಎರಡು ತಿಂಗಳು ಕಟ್ಟಬೇಕಾಗುತ್ತದೆ. ಇಂಥ ಷರತ್ತು ಇಡಲೇಬಾರದು ಅಂತೇನಿಲ್ಲ, ಆದರೆ ಸೇರುವಾಗಲೇ ಹೇಳಿರಬೇಕು. ನಿಮ್ಮ ರಸೀದಿಯಲ್ಲಿ ಇಲ್ಲ. ಬೋರ್ಡ್ ಬಂದದ್ದು ನೀವು ಸೇರಿ ಮೂರು ತಿಂಗಳಾದ ಮೇಲೆ. ಇಬ್ಬರೂ ಒಪ್ಪಿದ ಮಾತನ್ನು ಆಮೇಲೆ ಒಬ್ಬರೇ ಗೋಡೆಗೆ ಕಾಗದ ಅಂಟಿಸಿ ಬದಲಾಯಿಸಲು ಬರುವುದಿಲ್ಲ.

ಇನ್ನು ಆ ‘ಓಕೆ’. ಮ್ಯಾನೇಜರ್ ಅವತ್ತು ‘ಇಲ್ಲಮ್ಮಾ, 1ನೇ ತಾರೀಕು ದಾಟಿದೆ, ಫೆಬ್ರವರಿ ಪೂರ್ತಿ ಕೊಡಬೇಕಾಗುತ್ತೆ’ ಅಂತ ಬರೆದಿದ್ದರೆ ನೀವು ಬೇರೆ ಯೋಚನೆ ಮಾಡಬಹುದಿತ್ತು. ಅವರು ಹಾಗೆ ಬರೆಯಲಿಲ್ಲ. ಆ ಎರಡಕ್ಷರವನ್ನು ಡಿಲೀಟ್ ಮಾಡಬೇಡಿ. ತಾರೀಕು, ನಂಬರು ಕಾಣುವ ಹಾಗೆ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಆದರೆ ನಿಮ್ಮದೂ ಒಂದು ತಪ್ಪಿದೆ. 31ಕ್ಕೇ ಹೊರಟಿದ್ದೀರಿ. ಫೆಬ್ರವರಿ 1ರಿಂದ 8ರವರೆಗಿನ ಎಂಟು ದಿನ ನಿಮ್ಮ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ 300ರಂತೆ 2,400. ಆ ದಿನ ಊಟ ಮಾಡಿಲ್ಲ, ಅದನ್ನು ಕಳೆಯಿರಿ ಅಂತಲೂ ವಾದ ಮಾಡಬಹುದು. ಅಷ್ಟೊಂದು ಕೆರೆಯಲು ಹೋಗಬೇಡಿ, ಮಾತು ಕೆಡುತ್ತದೆ.

3ನೇ ತಾರೀಕಿಗೆ ಬಂದ ಹುಡುಗಿಯ ವಿಷಯ ಮಾತ್ರ ಬಿಡಬೇಡಿ. ಕರಾರು ಮುರಿದವರಿಂದ ಎಷ್ಟು ಕಿತ್ತುಕೊಳ್ಳಬಹುದು ಅನ್ನುವುದಕ್ಕೆ 1872ರ ಕರಾರು ಕಾಯ್ದೆಯಲ್ಲಿ 74ನೇ ಕಲಂ ಇದೆ. ಕಾಗದದಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಅದು ಮೇಲಿನ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಮಾತ್ರ ಸಿಗುತ್ತದೆ. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಪ್ರಾಧಿಕಾರ ಒಂದು ನಿವೇಶನದ ಮುಂಗಡ ಹಣವನ್ನು ಮುಟ್ಟುಗೋಲು ಹಾಕಿಕೊಂಡು, ಅದೇ ನಿವೇಶನವನ್ನು ಆಮೇಲೆ ಇನ್ನೂ ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗದಿದ್ದ ಮೇಲೆ ಪರಿಹಾರ ಯಾವುದಕ್ಕೆ ಅಂದಿತು ಕೋರ್ಟು. ಅಲ್ಲಿ ಕೋಟಿಗಳ ನಿವೇಶನ, ಇಲ್ಲಿ ಆರಡಿ ಕಾಟು. ತರ್ಕ ಒಂದೇ. ನಿಮ್ಮ ಕಾಟು ಖಾಲಿ ಬಿದ್ದಿದ್ದು ಫೆಬ್ರವರಿ 1 ಮತ್ತು 2, ಎರಡೇ ದಿನ. ಆ ಹುಡುಗಿಯಿಂದ ಫೆಬ್ರವರಿ ಬಾಡಿಗೆ, ನಿಮ್ಮಿಂದಲೂ ಫೆಬ್ರವರಿ ಬಾಡಿಗೆ ಅಂದರೆ ಒಂದು ಕಾಟಿಗೆ ಎರಡು ಬಾಡಿಗೆ ಆಯಿತಲ್ವಾ? ಹಾಗಾಗಿ ಗಟ್ಟಿಯಾಗಿ ವಾದಿಸಿದರೆ ನೀವು ಕೊಡಬೇಕಾದ್ದು 600 ಮಾತ್ರ. ಇದಕ್ಕೆ ನಿಮ್ಮ ರೂಮ್‌ಮೇಟ್ ಕಳಿಸಿದ ಮೆಸೇಜ್ ಸಾಕು. ಹೊಸ ಹುಡುಗಿಯ ಫೋಟೋ ತೆಗೆಸುವುದು, ಅವಳ ರಸೀದಿ ಕೇಳುವುದು, ಇವೆಲ್ಲ ಬೇಡ. ಅವಳು ಅಲ್ಲಿ ಇರಬೇಕಾದವಳು.

ಮೇಂಟೆನೆನ್ಸ್ 2,000 ನಿಮಗೆ ಬರುವುದಿಲ್ಲ. ರಸೀದಿಯಲ್ಲೇ ಇದೆ, ಓದಿಯೇ ದುಡ್ಡು ಕಟ್ಟಿದ್ದೀರಿ. ಇದು ಮೇಂಟೆನೆನ್ಸ್ ಅಂತ ಹೆಸರಿಟ್ಟುಕೊಂಡ ಸೇರುವ ಫೀಸು. ಹತ್ತು ದಿನ ಇದ್ದವರಿಗೂ 2,000, ಎರಡು ವರ್ಷ ಇದ್ದವರಿಗೂ 2,000. ನನಗೆ ಇಷ್ಟವಿಲ್ಲದ ಪದ್ಧತಿ, ಆದರೆ ಬರೆದದ್ದನ್ನು ಒಪ್ಪಿಕೊಂಡ ಮೇಲೆ ಇದಕ್ಕಾಗಿ ಜಗಳ ಬೇಡ. ಪೇಂಟಿಂಗ್ 1,500 ಹಾಗಲ್ಲ. ಅದು ಎಲ್ಲೂ ಬರೆದಿಲ್ಲ. ಒಬ್ಬರು ಇದ್ದು ಹೋದ ಮೇಲೆ ಗೋಡೆ ಒರೆಸುವುದು, ಸುಣ್ಣ ಬಳಿಯುವುದಕ್ಕೆ ಅಂತಲೇ ಮೇಂಟೆನೆನ್ಸ್ ಮುರಿದಿದ್ದಾರೆ. ಅದರ ಮೇಲೆ ಪೇಂಟಿಂಗ್ ಅಂದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ನೀವು ಗೋಡೆ ಒಡೆದಿದ್ದರೆ, ಅಲ್ಮೇರಾ ಬಾಗಿಲು ಮುರಿದಿದ್ದರೆ ಅದರ ಖರ್ಚು ಕೇಳಬಹುದು, ಅದಕ್ಕೂ ಬಿಲ್ಲು ತೋರಿಸಬೇಕು. ಮೂರು ಜನ ಇರುವ ರೂಮಿನಲ್ಲಿ ಗೋಡೆಯ ಕಲೆ ನಿಮ್ಮೊಬ್ಬರದೇ ಅನ್ನುವುದನ್ನೂ ತೋರಿಸಬೇಕಾಗುತ್ತದೆ.

ಊಟಕ್ಕೆ ಬರೋಣ. ಇಲ್ಲಿ ನಿಮ್ಮ ಎರಡು ಬೇಡಿಕೆಗಳಲ್ಲಿ ಒಂದು ನ್ಯಾಯ, ಇನ್ನೊಂದು ಅಲ್ಲ.

ಕಾಲೇಜಿನ ಹಾಸ್ಟೆಲುಗಳಲ್ಲಿ ಮೆಸ್ ರಜೆ ಅಂತ ಬರೆಸಿ ಹೋಗುವ ಪದ್ಧತಿ ಇರುತ್ತದೆ. ಅಲ್ಲಿ ಮೆಸ್ಸಿನ ಖರ್ಚನ್ನು ತಿಂಗಳ ಕೊನೆಗೆ ಹಂಚುವುದರಿಂದ ಬರದವರ ಪಾಲನ್ನು ಬಿಡಬಹುದು. ಪಿಜಿಯಲ್ಲಿ ಕಾಟು ಮತ್ತು ಊಟ ಒಂದೇ ಗಂಟು. ನೀವು ಡಿಸೆಂಬರಿನಲ್ಲಿ 12 ದಿನ ಊರಿಗೆ ಹೋದಾಗ ಭಟ್ಟರ ಸಂಬಳ ಕಡಿಮೆಯಾಗಲಿಲ್ಲ, ಗ್ಯಾಸ್ ಅಷ್ಟೇ ಉರಿಯಿತು. 38 ಜನಕ್ಕೆ ಸಾರು ಮಾಡುವುದಕ್ಕೂ 37 ಜನಕ್ಕೆ ಮಾಡುವುದಕ್ಕೂ ಉಳಿಯುವುದು ಒಂದು ಹಿಡಿ ಬೇಳೆ. ಮೊದಲೇ ಮಾತಾಡಿಕೊಳ್ಳದೆ ಆಮೇಲೆ ಅದನ್ನು ಕೇಳಿದರೆ ಯಾವ ಗ್ರಾಹಕ ಆಯೋಗವೂ ಒಪ್ಪುವುದು ಕಷ್ಟ. ಬಿಟ್ಟುಬಿಡಿ.

ಸಂಕ್ರಾಂತಿಯ ಐದು ದಿನ ಹಾಗಲ್ಲ. ನೀವು ತಿನ್ನಲು ಇದ್ದಿರಿ, ಅವರು ಮಾಡಲಿಲ್ಲ. ಊಟ ಸೇರಿ ಅಂತ ದುಡ್ಡು ತೆಗೆದುಕೊಂಡು ಊಟ ಕೊಡದಿರುವುದು ನೇರವಾಗಿ ಸೇವಾ ಲೋಪ. ಭಟ್ಟರು ಊರಿಗೆ ಹೋದರೆ ಬೇರೆಯವರನ್ನು ಕರೆಸುವುದು, ಇಲ್ಲವೇ ಹತ್ತಿರದ ಮೆಸ್ಸಿನಿಂದ ತರಿಸುವುದು ಅವರ ಕೆಲಸ. ಎಷ್ಟು ಕೇಳಬೇಕು? ನೀವು ಹೋಟೆಲಿನಲ್ಲಿ ಖರ್ಚು ಮಾಡಿದ್ದರ ಲೆಕ್ಕ ಇಟ್ಟಿರಲಿಕ್ಕಿಲ್ಲ. ಅದು ಬೇಕಾಗಿಯೂ ಇಲ್ಲ. ಅವರದೇ ಬೆಲೆಪಟ್ಟಿ ನಿಮಗೆ ಉತ್ತರ ಕೊಡುತ್ತದೆ. ಊಟ ಸೇರಿ 9,000, ಊಟ ಇಲ್ಲದೆ 6,600. ವ್ಯತ್ಯಾಸ 2,400. ದಿನಕ್ಕೆ 80. ಐದು ದಿನಕ್ಕೆ 400. ಊಟಕ್ಕೆ ಅವರೇ ಕಟ್ಟಿದ ಬೆಲೆ ಇದು, ಅವರು ಇಲ್ಲ ಅನ್ನಲಾರರು. ಪಿಜಿ ಸೇರುವಾಗ ಊಟ ಬೇಕಿರಲಿ ಬೇಡವಿರಲಿ, ಎರಡೂ ರೇಟು ಕೇಳಿ ಬರೆದಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಅಮ್ಮ ಉಳಿದದ್ದಕ್ಕೆ 1,200 ಅಂದದ್ದು ನೋಡಿ ನಿಮಗೆ ಸಿಟ್ಟು ಬಂದಿದೆ, ಪತ್ರದಲ್ಲೇ ಗೊತ್ತಾಗುತ್ತದೆ. ಆದರೆ ಹೊರಗಿನವರು ಬರುವ ವಿಷಯದಲ್ಲಿ ಪಿಜಿಯವರ ಕೈ ನಿಜಕ್ಕೂ ಮೇಲು. ಮೊದಲೇ ಹೇಳಿದ ಹಾಗೆ ಕಟ್ಟಡ ಅವರ ಹತೋಟಿಯಲ್ಲಿದೆ. ಯಾರೂ ರೂಮಿಗೆ ಬರಬಾರದು, ರಿಸೆಪ್ಷನ್‌ನಲ್ಲೇ ಮಾತಾಡಿ ಕಳಿಸಿ ಅನ್ನುವ ನಿಯಮ ಇಡಬಹುದು. 2024ರ ಜುಲೈನಲ್ಲಿ ಕೋರಮಂಗಲದ ಮಹಿಳೆಯರ ಪಿಜಿಯೊಂದರೊಳಗೆ ಹೊರಗಿನವನು ಬಂದು ಯುವತಿಯೊಬ್ಬಳನ್ನು ಕೊಂದ ಮೇಲೆ ಇದು ಇನ್ನೂ ಬಿಗಿಯಾಯಿತು. ಆಗಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿ, ಬಾಗಿಲಲ್ಲಿ ಸಿಸಿಟಿವಿ ಇರಬೇಕು, ರೆಕಾರ್ಡಿಂಗ್ 90 ದಿನ ಇಡಬೇಕು, ದಿನದ 24 ಗಂಟೆಯೂ ಒಬ್ಬ ಸೆಕ್ಯುರಿಟಿ ಇರಬೇಕು ಅಂದಿತು. ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಇರಬೇಕು ಅನ್ನುವುದೂ ಅದರಲ್ಲೇ ಇದೆ. ಈ ಕೊನೆಯದನ್ನು ಟೇಪು ಹಿಡಿದು ಅಳೆದರೆ ಎಷ್ಟು ತ್ರೀ ಶೇರಿಂಗ್ ರೂಮುಗಳು ಉಳಿಯುತ್ತವೋ ಗೊತ್ತಿಲ್ಲ ಅನ್ನಿ.

ನಿಮ್ಮ ವಿಷಯದಲ್ಲಿ ಮ್ಯಾನೇಜರ್ ಅಮ್ಮನನ್ನು ಬೇಡ ಅನ್ನಲಿಲ್ಲ. ರೇಟು ಇಷ್ಟು ಅಂತಲೂ ಹೇಳಿದ ಹಾಗೆ ಕಾಣುವುದಿಲ್ಲ. ಹೇಳದೆ ಆಮೇಲೆ ರಾತ್ರಿಗೆ 600 ಅಂತ ಹಾಕಲು ಬರುವುದಿಲ್ಲ. ಆದರೆ ಅಮ್ಮ ಅಲ್ಲಿ ಊಟ, ತಿಂಡಿ ಮಾಡಿರುತ್ತಾರೆ, ನೀರು ಬಳಸಿರುತ್ತಾರೆ. ಒಂದು ಪೈಸೆ ಕೊಡಲ್ಲ ಅನ್ನುವುದೂ ಸರಿಯಲ್ಲ. ನೀವೇ ದಿನಕ್ಕೆ 300 ಕೊಡುತ್ತಿದ್ದಿರಿ. ಅದೇ ದರದಲ್ಲಿ ಎರಡು ದಿನಕ್ಕೆ 600 ಕೊಡುತ್ತೇನೆ ಅಂತ ನೀವೇ ಮುಂದಾಗಿ ಹೇಳಿ. ಒಂದು ಕಡೆ ನೀವು ಬಿಟ್ಟುಕೊಟ್ಟಿದ್ದು ಕಂಡರೆ ಉಳಿದ ಲೆಕ್ಕವನ್ನು ಎದುರಿನವರು ಸ್ವಲ್ಪ ಗಂಭೀರವಾಗಿ ನೋಡುತ್ತಾರೆ.

ಈಗ ಕೂಡಿಸಿ ಕಳೆಯೋಣ. 15,000ದಲ್ಲಿ ಮೇಂಟೆನೆನ್ಸ್ 2,000 ಹೋಯಿತು, ಅಮ್ಮನ ಲೆಕ್ಕ 600 ಹೋಯಿತು, 12,400 ಉಳಿಯಿತು. ಅಡುಗೆ ಇಲ್ಲದ ದಿನಗಳ 400 ಸೇರಿಸಿದರೆ 12,800. ಇದರಲ್ಲಿ ಎರಡು ದಿನದ 600 ಕಳೆದರೆ 12,200. ಮ್ಯಾನೇಜರ್ ಜಗ್ಗದಿದ್ದರೆ, ನೋಟಿಸಿನ ಎಂಟು ದಿನವೂ ಆಗಲಿ ಅಂತ 2,400 ಕಳೆದರೆ 10,400. ನೀವು ಕೇಳಬೇಕಾದ್ದು 12,200. ಒಪ್ಪಿಕೊಳ್ಳಬಹುದಾದ್ದು 10,400. ಅದಕ್ಕಿಂತ ಕೆಳಗೆ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಫೋನಿನಲ್ಲಿ ಮಾತಾಡಬೇಡಿ. ಫೋನಿನಲ್ಲಿ ‘ನೋಡೋಣಮ್ಮಾ, ಓನರ್ ಹತ್ರ ಕೇಳ್ತೀನಿ’ ಅಂತಲೇ ತಿಂಗಳು ಕಳೆಯುತ್ತದೆ. ವಾಟ್ಸಾಪಿನಲ್ಲಿ ಹೀಗೆ ಬರೆಯಿರಿ:

‘ಸರ್, ನಾನು ಜನವರಿ 9ಕ್ಕೆ ನೋಟಿಸ್ ಕೊಟ್ಟಿದ್ದೆ, ನೀವು ಓಕೆ ಅಂದಿದ್ದೀರಿ. ರಸೀದಿಯಲ್ಲಿ ಒಂದು ತಿಂಗಳು ಅಂತ ಮಾತ್ರ ಇದೆ. ನನ್ನ ಕಾಟಿಗೆ ಫೆಬ್ರವರಿ 3ಕ್ಕೆ ಬೇರೆಯವರು ಬಂದಿದ್ದಾರೆ. ಮೇಂಟೆನೆನ್ಸ್ 2,000, ಎರಡು ದಿನದ ಬಾಡಿಗೆ 600, ಅಮ್ಮ ಉಳಿದದ್ದಕ್ಕೆ 600 ಮುರಿದುಕೊಳ್ಳಿ. ಸಂಕ್ರಾಂತಿಗೆ ಐದು ದಿನ ಊಟ ಇರಲಿಲ್ಲ, ಅದರ 400 ಸೇರಿಸಿ. ಒಟ್ಟು 12,200 ಇದೇ ನಂಬರಿಗೆ 7 ದಿನದೊಳಗೆ ಹಾಕಿ. ಬೇರೇನಾದರೂ ಮುರಿಯುವುದಿದ್ದರೆ ಯಾವುದಕ್ಕೆ, ಎಷ್ಟು ಅಂತ ಬರೆದು ಕಳಿಸಿ.’

ಕೊನೆಯ ವಾಕ್ಯ ಮರೆಯಬೇಡಿ. ಈಗ ಅವರು ಬಾಯಿಮಾತಿನಲ್ಲಿ ಹೇಳಿದ ಪೇಂಟಿಂಗ್, 1ನೇ ತಾರೀಕು ಇವೆಲ್ಲ ಬರಹಕ್ಕೆ ಇಳಿಯಬೇಕು. ಬರೆದು ಕೊಡಿ ಅಂದ ತಕ್ಷಣ ಅರ್ಧ ಬಾಬ್ತು ತಾನಾಗಿ ಕರಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಏಳು ದಿನ ಆದರೂ ಉತ್ತರ ಇಲ್ಲದಿದ್ದರೆ ಇದೇ ಮಾತನ್ನು ಕಾಗದದಲ್ಲಿ ಬರೆದು, 15 ದಿನ ಗಡುವು ಕೊಟ್ಟು ಪಿಜಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ವಕೀಲರಿಂದಲೇ ನೋಟಿಸ್ ಕೊಡಿಸಬೇಕಂತಿಲ್ಲ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅವರು ಆದೇಶ ಕೊಡುವವರಲ್ಲ, ಎದುರಿನವರಿಗೆ ದೂರು ತಲುಪಿಸಿ ರಾಜಿಗೆ ನೋಡುತ್ತಾರೆ. ಹತ್ತಾರು ಕಟ್ಟಡ ಇರುವ ದೊಡ್ಡ ಪಿಜಿ ಕಂಪನಿಗಳ ಮೇಲೆ ಇದು ಚೆನ್ನಾಗಿ ನಡೆಯುತ್ತದೆ, ಒಂದೇ ಕಟ್ಟಡದ ಪಿಜಿಗಳ ಮೇಲೆ ಅಷ್ಟಾಗಿ ಇಲ್ಲ.

ಆಮೇಲಿನದು ಜಿಲ್ಲಾ ಗ್ರಾಹಕ ಆಯೋಗ. ಇಲ್ಲಿ ನಿಮಗೆ ಎರಡು ಅನುಕೂಲ ಇವೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಫೀಸಿಲ್ಲ. ಇನ್ನೊಂದು, ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಓದು ಮುಗಿಸಿ ಊರಿಗೆ ಹೋದ ಮೇಲೂ ಪರವಾಗಿಲ್ಲ, ಶಿವಮೊಗ್ಗದಲ್ಲೇ ಹಾಕಬಹುದು, ಪಿಜಿಯವರೇ ಅಲ್ಲಿಗೆ ಬರಬೇಕು. ಎರಡು ವರ್ಷದೊಳಗೆ ಹಾಕಿದರಾಯಿತು. ವಕೀಲರು ಇರಲೇಬೇಕಂತಿಲ್ಲ, ನೀವೇ ವಾದ ಮಾಡಬಹುದು.

ದೂರು ಬರೆಯುವಾಗ ಒಂದು ಎಚ್ಚರ. ‘ಈ ಕರಾರೇ ಅನ್ಯಾಯ, ರದ್ದು ಮಾಡಿ’ ಅಂತ ಬರೆದುಬಿಡುತ್ತಾರೆ ಬಹಳ ಜನ. ಅನ್ಯಾಯದ ಕರಾರು ಅನ್ನುವುದು ಕಾಯ್ದೆಯಲ್ಲಿ ಬೇರೆಯೇ ಬಾಬ್ತು, ಅದನ್ನು ವಿಚಾರಿಸುವುದು ರಾಜ್ಯ ಆಯೋಗ. ಜಿಲ್ಲೆಯಲ್ಲಿ ಹಾಕಿದರೆ ನಮ್ಮ ವ್ಯಾಪ್ತಿಯಲ್ಲ ಅಂತ ವಾಪಸ್ ಬರಬಹುದು. ನಿಮಗೆ ಅದು ಬೇಕಿಲ್ಲ. ನಿಮ್ಮ ಕರಾರು ಸರಿಯಾಗಿಯೇ ಇದೆ, ಅವರು ಅದರಂತೆ ನಡೆಯಲಿಲ್ಲ, ಕೊಡಬೇಕಾದ ದುಡ್ಡು ಕೊಡಲಿಲ್ಲ, ಊಟ ಕೊಡಲಿಲ್ಲ. ಇದು ಸೇವಾ ಲೋಪ. ಅಷ್ಟೇ ಬರೆಯಿರಿ.

ತೊಂದರೆ ಏನು ಅಂತಲೂ ಹೇಳಬೇಕು. ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಇದ್ದರೂ ಹಾಗೆ ಮುಗಿಯುವುದು ಅಪರೂಪ. 12,200ಕ್ಕಾಗಿ ವರ್ಷಗಟ್ಟಲೆ ತಾರೀಕುಗಳಿಗೆ ಹೋಗುವ ತಾಳ್ಮೆ ಇದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಅದಕ್ಕೇ 10,400ಕ್ಕೆ ಬಂದರೆ ಮುಗಿಸಿ ಅಂದದ್ದು. ಇನ್ನೊಂದು ತೊಂದರೆ, ಯಾರ ಮೇಲೆ ದೂರು ಅನ್ನುವುದು. ಎಷ್ಟೋ ರಸೀದಿಗಳಲ್ಲಿ ಪಿಜಿಯ ಹೆಸರು ಮಾತ್ರ ಇರುತ್ತದೆ, ನಡೆಸುವವರ ಹೆಸರೇ ಇರುವುದಿಲ್ಲ. ದುಡ್ಡು ಹೋಗಿರುವುದು ಮ್ಯಾನೇಜರ್‌ನ ಸ್ವಂತ ಯುಪಿಐಗೆ. ಆರು ತಿಂಗಳಲ್ಲಿ ಮ್ಯಾನೇಜರ್ ಬದಲು, ಬೋರ್ಡಿನ ಹೆಸರೂ ಬದಲು. ನಿಮ್ಮ ರಸೀದಿಯಲ್ಲಿ ಯಾರ ಹೆಸರಿದೆ, ದುಡ್ಡು ಯಾರ ಖಾತೆಗೆ ಹೋಯಿತು ಅಂತ ಇವತ್ತೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಡುಗೆ ಮಾಡಿ ಬಡಿಸುವ ಪಿಜಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐಯ ನೋಂದಣಿ ಇಲ್ಲವೇ ಲೈಸೆನ್ಸ್ ಇರಬೇಕು. ಗೋಡೆಯ ಮೇಲಿನ ಆ ಕಾಗದದಲ್ಲಿ ನಡೆಸುವವರ ಹೆಸರು ಸಿಗುತ್ತದೆ. ಅಲ್ಲೇ ಇರುವ ನಿಮ್ಮ ರೂಮ್‌ಮೇಟ್‌ಗೆ ಒಂದು ಫೋಟೋ ತೆಗೆದು ಕಳಿಸು ಅನ್ನಿ.

ನಿಮ್ಮ ಗೆಳತಿಯರಲ್ಲಿ ಕೆಲವರು ‘ಕೊನೆ ತಿಂಗಳು ಬಾಡಿಗೆನೇ ಕಟ್ಟಬೇಡ, ಅಡ್ವಾನ್ಸಿನಲ್ಲಿ ಮುರ್ಕೊಳ್ಳಲಿ ಅನ್ನು’ ಅಂತ ಹೇಳಿರುತ್ತಾರೆ. ಬಹಳ ಜನ ಮಾಡುತ್ತಾರೆ, ಕೆಲವು ಪಿಜಿಯವರು ಒಪ್ಪುತ್ತಾರೆ ಕೂಡ. ಅವರು ಬರೆದು ಒಪ್ಪಿದರೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಒಪ್ಪದೆ ಮಾಡಿದರೆ ಮಾತ್ರ ಬಾಕಿ ಉಳಿಸಿಕೊಂಡವರು ನೀವಾಗುತ್ತೀರಿ. ಪರೀಕ್ಷೆಯ ವಾರದಲ್ಲಿ ತಟ್ಟೆ ಹಿಡಿದು ನಿಂತಾಗ ‘ಬಾಡಿಗೆ ಕಟ್ಟಿಲ್ಲ, ಊಟ ಇಲ್ಲ’ ಅನಿಸಿಕೊಂಡು ಅತ್ತ ಹುಡುಗಿಯೊಬ್ಬಳು ನನ್ನ ಆಫೀಸಿಗೆ ಬಂದಿದ್ದಳು. ಕಾನೂನಿನ ಮಾತು ಆಮೇಲೆ, ಅವತ್ತು ರಾತ್ರಿ ಅವಳಿಗೆ ಬೇಕಿದ್ದದ್ದು ಅನ್ನ. ಒಂದು ಮಾತು ನೆನಪಿರಲಿ, ಬಾಕಿ ಇದ್ದರೂ ರಾತ್ರೋರಾತ್ರಿ ಸಾಮಾನು ಹೊರಗೆ ಹಾಕಲು ಬರುವುದಿಲ್ಲ. ಅನುಮತಿ ಹಿಂತೆಗೆದುಕೊಂಡರೂ ಹೊರಡಲು, ಸಾಮಾನು ತೆಗೆದುಕೊಳ್ಳಲು ಸಾಕಷ್ಟು ಸಮಯ ಕೊಡಬೇಕು ಅಂತ ಈಸ್‌ಮೆಂಟ್ಸ್ ಕಾಯ್ದೆಯ 63ನೇ ಕಲಂ ಹೇಳುತ್ತದೆ.

ಈಗ ನೀವು ಗೆಳತಿಯ ರೂಮಿನಲ್ಲೋ ಬೇರೆ ಪಿಜಿಯಲ್ಲೋ ಇರಬೇಕು. ಪಿಜಿಯಾಗಿದ್ದರೆ ಅಗ್ರಿಮೆಂಟ್ ಮಾಡಿ ಅಂತ ಕೇಳಿ ಸೋಲಬೇಡಿ, ತಿಂಗಳಿಗೆ 9,000ದ ಪಿಜಿಯವರು ಯಾರೂ ಸ್ಟಾಂಪ್ ಪೇಪರ್ ತರುವುದಿಲ್ಲ. ದುಡ್ಡು ಹಾಕುವ ಮೊದಲು ಒಂದೇ ಒಂದು ಮೆಸೇಜ್ ಕಳಿಸಿ: ‘ಸರ್, ನಾವು ಮಾತಾಡಿದ ಪ್ರಕಾರ ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು, ಅದರಲ್ಲಿ ಕಟ್ ಆಗುವುದು ಇಷ್ಟು ಮಾತ್ರ. ನೋಟಿಸ್ 30 ದಿನ, ಯಾವ ತಾರೀಕಿಗೆ ಹೇಳಿದರೂ ಅವತ್ತಿನಿಂದ ಎಣಿಕೆ. ಅಮ್ಮ ಅಪ್ಪ ಬಂದರೆ ರಾತ್ರಿಗೆ ಇಷ್ಟು. ಅಡುಗೆ ಇಲ್ಲದ ದಿನ ಊಟದ ದುಡ್ಡು ಕಳೆಯುತ್ತೀರಿ. ಸರಿ ಇದ್ದರೆ ಓಕೆ ಅನ್ನಿ, ಅಡ್ವಾನ್ಸ್ ಹಾಕುತ್ತೇನೆ.’ ದುಡ್ಡು ಇನ್ನೂ ನಿಮ್ಮ ಕೈಯಲ್ಲಿ ಇರುವಾಗ ಆ ಓಕೆ ಬೇಗ ಬರುತ್ತದೆ. ಆಧಾರ್ ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ‘ಪಿಜಿ ವಾಸಕ್ಕೆ ಮಾತ್ರ’ ಅಂತ ತಾರೀಕು ಹಾಕಿ ಬರೆಯಿರಿ. ಒರಿಜಿನಲ್ ಯಾವುದನ್ನೂ ಕೊಡಬೇಡಿ. ಸೇರುವ ದಿನ ಕಾಟು, ಅಲ್ಮೇರಾ, ಗೋಡೆಯ ಫೋಟೋ ತೆಗೆದು ಅದೇ ಚಾಟಿಗೆ ಹಾಕಿ. ಬಿಡುವ ದಿನವೂ ತೆಗೆಯಿರಿ, ಕೀಲಿ ಕೊಟ್ಟ ಹೊತ್ತಿನ ಸಮೇತ.